ಹೊಸ ಆ್ಯಪ್ ಮೊದಲು ಬಳಸಿ ನೋಡಿದವರಿಗೆ ಧನ್ಯವಾದ ಹೇಳುವುದು ಹೇಗೆ? ತೊಗರಿ ಲೆಕ್ಕದ ಒಂದು ಉದಾಹರಣೆ

ಬೀಟಾ ಮುಗಿದ ದಿನ ವಾಟ್ಸಾಪ್ ಗ್ರೂಪಿನಲ್ಲಿ "ಎಲ್ಲರಿಗೂ ಧನ್ಯವಾದಗಳು, ನಿಮ್ಮ ಸಲಹೆ ಅಮೂಲ್ಯ" ಎಂದು ಹಾಕಿ, ಕೈ ಮುಗಿಯುವ ಇಮೋಜಿ ಸೇರಿಸಿ ಸುಮ್ಮನಾಗುವವರೇ ಜಾಸ್ತಿ. ಓದಿದವರಿಗೆ ಇದರಿಂದ ಏನೂ ಗೊತ್ತಾಗುವುದಿಲ್ಲ. ನಾನು ಹೇಳಿದ್ದನ್ನು ಇವರು ಕೇಳಿಸಿಕೊಂಡರಾ? ಅದರಿಂದ ಏನಾದರೂ ಬದಲಾಯಿತಾ? ಗಂಜ್ ಮಾರುಕಟ್ಟೆಯಲ್ಲಿ ಗಾಡಿ ಸಾಲಿನ ನಡುವೆ ನಿಂತು ನಿಮ್ಮ ಆ್ಯಪ್ ತೆರೆದು, ಇಲ್ಲಿ ತಪ್ಪಿದೆ ಎಂದು ಫೋಟೋ ತೆಗೆದು ಕಳಿಸಿದವರಿಗೆ ಅಷ್ಟನ್ನಾದರೂ ಹೇಳಬೇಕು. ಅವರು ಹೇಳಿದ ಮಾತು ಇದು, ಅದರಿಂದ ಬದಲಾದದ್ದು ಇದು, ಇಷ್ಟು ಬದಲಾಗಲಿಲ್ಲ, ಕಾರಣ ಇದು. ಧನ್ಯವಾದದಲ್ಲಿ ಇರಬೇಕಾದ್ದು ಇವೇ.

ನಾವು ಕಲಬುರಗಿಯಲ್ಲಿ ಮಾಡುತ್ತಿರುವ ಒಂದು ಸಣ್ಣ ಆ್ಯಪ್ ಇಟ್ಟುಕೊಂಡೇ ಹೇಳುತ್ತೇನೆ. ರೈತರು ತೊಗರಿ ಮಾರಿದಾಗ ಎಷ್ಟು ಚೀಲ, ಎಷ್ಟು ತೂಕ, ಏನು ದರ, ಹಮಾಲಿ ಎಷ್ಟು ಹಿಡಿದರು, ಕೈಗೆ ಎಷ್ಟು ಬಂತು ಎಂದು ಬರೆದಿಡುವ ಆ್ಯಪ್ ಅದು. ಬಳಸಿ ನೋಡಿದವರಲ್ಲಿ ಆಳಂದ, ಜೇವರ್ಗಿ ಕಡೆಯ ರೈತರಿದ್ದರು. ಚಿಂಚೋಳಿಯ ಸ್ವಸಹಾಯ ಸಂಘದ ಲೆಕ್ಕ ನೋಡಿಕೊಳ್ಳುವ ಅಕ್ಕ ಒಬ್ಬರು, ಅಡತಿ ಅಂಗಡಿಯ ಗುಮಾಸ್ತರು ಒಬ್ಬರು, ಬೀದರ್‌ನ ಬೇಳೆ ವ್ಯಾಪಾರಿ ಒಬ್ಬರೂ ಇದ್ದರು.

ಬೀಟಾದ ಮೊದಲ ದಿನವೇ ಒಂದು ಶೀಟ್ ತೆರೆಯಿರಿ

ಧನ್ಯವಾದದ ಕೆಲಸ ಶುರುವಾಗುವುದು ಬೀಟಾ ಮುಗಿದ ಮೇಲೆ ಅಲ್ಲ. ಮೊದಲ ದೂರು ಬಂದ ದಿನವೇ ಅದು ಶುರು. ಫೋನ್ ಕರೆ, ವಾಯ್ಸ್ ನೋಟ್, ಸ್ಕ್ರೀನ್‌ಶಾಟ್, ಎದುರು ಸಿಕ್ಕಾಗ ಆಡಿದ ಮಾತು, ಎಲ್ಲಾ ಬೇರೆ ಬೇರೆ ಕಡೆ ಬಿದ್ದಿರುತ್ತವೆ. ತಿಂಗಳು ಕಳೆದ ಮೇಲೆ ಹುಡುಕಲು ಹೋದರೆ ಅರ್ಧ ಸಿಗುವುದಿಲ್ಲ, ಸಿಕ್ಕರೂ ಯಾರು ಮೊದಲು ಹೇಳಿದ್ದು ಎಂದು ಗೊತ್ತಾಗುವುದಿಲ್ಲ.

ಒಂದು ಸಾದಾ ಶೀಟ್ ಸಾಕು. ಯಾರು ಹೇಳಿದರು, ಯಾವ ದಿನ, ಅವರ ಫೋನಿನಲ್ಲಿ ಆಗ ಯಾವ ವರ್ಷನ್ ಇತ್ತು, ಅವರದೇ ಮಾತಿನಲ್ಲಿ ಏನು ಹೇಳಿದರು, ನಾವು ಏನು ಮಾಡಿದೆವು, ಅದು ಯಾವ ವರ್ಷನ್‌ನಲ್ಲಿ ಹೋಯಿತು, ಅವರಿಗೆ ತಿಳಿಸಿದ್ದೇವಾ ಇಲ್ಲವಾ. ಇದರಲ್ಲಿ ಜನ ಬಿಟ್ಟುಬಿಡುವುದು "ಅವರದೇ ಮಾತಿನಲ್ಲಿ" ಎಂಬ ಖಾನೆಯನ್ನು. ಅದನ್ನು ಬಿಡಬೇಡಿ. ಆಳಂದದ ರೈತರು ಹೇಳಿದ್ದು, "ಹನ್ನೆರಡು ಕ್ವಿಂಟಲ್ ಐದು ಕಿಲೋ ಹಾಕಿದ್ರ ರೊಕ್ಕ ಜಾಸ್ತಿ ತೋರಸ್ತದ." ಶೀಟಿನಲ್ಲಿ ಇದನ್ನು "ತೂಕದ ಖಾನೆಯಲ್ಲಿ ದಶಮಾಂಶ ಸಮಸ್ಯೆ" ಎಂದು ಬರೆದರೆ ನಮಗೆ ಅರ್ಥವಾಗಬಹುದು. ಆದರೆ ಮುಂದೆ ಅವರಿಗೆ ಆ ಮಾತು ಹೇಳಿದರೆ, ತಾನು ಹೇಳಿದ್ದು ಇದೇ ಎಂದು ಅವರಿಗೆ ಹೊಳೆಯುವುದೇ ಇಲ್ಲ. ಅವರ ಮಾತು ಹಾಗೇ ಇದ್ದರೆ ಧನ್ಯವಾದದ ಅರ್ಧ ಬರವಣಿಗೆ ಅಲ್ಲೇ ಮುಗಿದಂತೆ.

ಈ ಶೀಟ್ ಇನ್ನೊಂದು ಕಡೆಯೂ ಬೇಕಾಗುತ್ತದೆ. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಪ್ಲೇ ಡೆವಲಪರ್ ಖಾತೆ ನಿಮ್ಮದಾಗಿದ್ದರೆ, ಕ್ಲೋಸ್ಡ್ ಟೆಸ್ಟ್‌ನಲ್ಲಿ ಕನಿಷ್ಠ 12 ಜನ ಸತತ 14 ದಿನ ಇರಬೇಕು, ಆಮೇಲೆಯೇ ಪ್ರೊಡಕ್ಷನ್‌ಗೆ ಅರ್ಜಿ ಹಾಕಲು ಬರುತ್ತದೆ. ಮೊದಲು ಈ ಸಂಖ್ಯೆ 20 ಇತ್ತು, ಆಮೇಲೆ ಇಳಿಸಿದರು. ಅರ್ಜಿಯಲ್ಲಿ ಟೆಸ್ಟರ್‌ಗಳಿಂದ ಏನು ಫೀಡ್‌ಬ್ಯಾಕ್ ಬಂತು, ಅದರಿಂದ ಆ್ಯಪ್‌ನಲ್ಲಿ ಏನು ಬದಲಿಸಿದಿರಿ ಎಂದು ಗೂಗಲ್ ಕೇಳುತ್ತದೆ. ಶೀಟ್ ಇದ್ದರೆ ಉತ್ತರ ಕಣ್ಣ ಮುಂದೆಯೇ ಇರುತ್ತದೆ. ಅರ್ಜಿಗೆ ಒಪ್ಪಿಗೆ ಸಿಗುವವರೆಗೆ ಮಾತ್ರ ಟೆಸ್ಟರ್‌ಗಳಿಗೆ "ನಿಮ್ಮ ಕೆಲಸ ಮುಗಿಯಿತು" ಎಂದು ಹೇಳಬೇಡಿ. ಒಳ್ಳೆಯ ಮನಸ್ಸಿನಿಂದಲೇ ಅವರು ಟೆಸ್ಟ್ ಬಿಟ್ಟು ಹೋಗುತ್ತಾರೆ, ಅರ್ಜಿ ತಿರುಗಿ ಬಂದು ಇನ್ನಷ್ಟು ದಿನ ಟೆಸ್ಟ್ ಮಾಡಿ ಎಂದರೆ ಮತ್ತೆ ಅವರನ್ನೇ ಹುಡುಕಬೇಕಾಗುತ್ತದೆ.

ಏನೂ ಹೇಳದವರನ್ನೂ ಸೇರಿಸಿ

ಶೀಟಿನಲ್ಲಿ ಹೆಸರೇ ಬಾರದ ಕೆಲವರು ಇರುತ್ತಾರೆ. ಆ್ಯಪ್ ಹಾಕಿಕೊಂಡಿರುತ್ತಾರೆ, ಒಂದು ಮಾತೂ ಬಂದಿರುವುದಿಲ್ಲ. ಧನ್ಯವಾದ ಬರೆಯುವ ಮೊದಲು ಅಂಥವರಿಗೆ ಒಂದು ಫೋನ್ ಮಾಡಿ. ಆ್ಯಪ್ ಚೆನ್ನಾಗಿದೆಯಾ ಎಂದು ಕೇಳಬೇಡಿ. ನಮ್ಮ ಕಡೆ ಮನೆಗೆ ಬಂದವರ ಕೆಲಸವನ್ನು ಚೆನ್ನಾಗಿಲ್ಲ ಅನ್ನುವವರು ಕಡಿಮೆ, "ಛಂದ ಅದ ರೀ" ಎಂದೇ ಹೇಳುತ್ತಾರೆ. ಕೊನೆಯ ಸಲ ತೆರೆದಾಗ ಏನು ಬರೆಯಲು ಹೋಗಿದ್ದಿರಿ, ಎಲ್ಲಿವರೆಗೆ ಹೋಯಿತು ಎಂದು ಕೇಳಿ.

ಚಿಂಚೋಳಿಯ ಅಕ್ಕ ಹೇಳಿದ್ದು ಹೀಗೇ ಕೇಳಿದಾಗ. ಎಲ್ಲಾ ತುಂಬಿದ ಮೇಲೆ ಏನು ಒತ್ತಬೇಕೆಂದು ಕಾಣಲಿಲ್ಲ, ಅದಕ್ಕೇ ಪುಸ್ತಕದಲ್ಲಿ ಬರೆದುಕೊಂಡೆ ಅಂದರು. ಅವರ ಫೋನಿನಲ್ಲಿ ಅಕ್ಷರದ ಗಾತ್ರ ತುಂಬಾ ದೊಡ್ಡದಾಗಿ ಇಟ್ಟಿತ್ತು. ಸೆಟ್ಟಿಂಗ್ಸ್‌ನಲ್ಲಿ ಅಕ್ಷರ ದೊಡ್ಡದು ಮಾಡಿದರೆ ಪದಗಳು ಬೆಳೆಯುತ್ತವೆ, ಆದರೆ ಪರದೆಯ ಎತ್ತರ ಅಷ್ಟೇ ಇರುತ್ತದೆ. ಪುಟ ಮೇಲೆ ಕೆಳಗೆ ಸರಿಯುವಂತೆ ಇಲ್ಲದಿದ್ದರೆ ಕೊನೆಯಲ್ಲಿರುವ "ಉಳಿಸಿ" ಬಟನ್ ಪರದೆಯ ಆಚೆ ಹೋಗಿಬಿಡುತ್ತದೆ. ನಲವತ್ತು ದಾಟಿದ ಎಷ್ಟೋ ಜನ ಅಕ್ಷರ ದೊಡ್ಡದು ಮಾಡಿಯೇ ಫೋನ್ ನೋಡುತ್ತಾರೆ, ಅಲ್ವಾ? ಅಕ್ಕ ಲಿಖಿತವಾಗಿ ಏನೂ ಕಳಿಸಿರಲಿಲ್ಲ. ಆದರೂ ಇಡೀ ಬೀಟಾದಲ್ಲಿ ಸಿಕ್ಕ ದೊಡ್ಡ ಮಾಹಿತಿಗಳಲ್ಲಿ ಇದೊಂದು. ಹಾಗಾಗಿ ಅವರ ಹೆಸರೂ ಶೀಟಿಗೆ ಹೋಗಬೇಕು, ಧನ್ಯವಾದವೂ ಉಳಿದವರಷ್ಟೇ ವಿವರವಾಗಿ ಹೋಗಬೇಕು.

ಬದಲಾವಣೆ ಅವರ ಫೋನಿಗೆ ತಲುಪಿದ ಮೇಲೆಯೇ ಕಳಿಸಿ

ಜಾಸ್ತಿ ಕೆಡುವುದು ಇಲ್ಲಿ. ಕೋಡ್ ಬರೆದು ಮುಗಿಸಿದ ಸಂಭ್ರಮದಲ್ಲಿ ರಾತ್ರಿಯೇ "ನೀವು ಹೇಳಿದ್ದು ಸರಿಮಾಡಿದ್ದೇವೆ" ಎಂದು ಕಳಿಸುತ್ತೇವೆ. ಅವರು ಬೆಳಗ್ಗೆ ಆ್ಯಪ್ ತೆರೆದರೆ ಹಳೆಯದೇ ಇರುತ್ತದೆ. ಪ್ಲೇ ಸ್ಟೋರ್ ಪರಿಶೀಲನೆಗೆ ಕೆಲವು ಗಂಟೆ ಸಾಕಾಗಬಹುದು, 7 ದಿನವೂ ಹಿಡಿಯಬಹುದು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು. ನೀವು ಹಂತ ಹಂತವಾಗಿ ಬಿಡುಗಡೆ ಮಾಡುತ್ತಿದ್ದರೆ, ಅಂದರೆ ಮೊದಲು 20 ಪ್ರತಿಶತ ಜನರಿಗೆ ಮಾತ್ರ ಎಂದು ಇಟ್ಟಿದ್ದರೆ, ದೂರು ಹೇಳಿದ ವ್ಯಕ್ತಿ ಆ 20ರಲ್ಲಿ ಇಲ್ಲದೇ ಇರಬಹುದು. ಎಲ್ಲಾ ಸರಿಯಿದ್ದರೂ ವೈಫೈ ಸಿಕ್ಕಾಗ ಮಾತ್ರ ಅಪ್‌ಡೇಟ್ ಆಗಲಿ ಎಂಬ ಸೆಟ್ಟಿಂಗ್ ಫೋನಿನಲ್ಲಿದ್ದರೆ, ವೈಫೈ ಇಲ್ಲದ ಊರಲ್ಲಿ ಆ ಅಪ್‌ಡೇಟ್ ತಾನಾಗಿ ಬರುವುದೇ ಇಲ್ಲ.

ಆದ್ದರಿಂದ ಕ್ರಮ ಹೀಗಿರಲಿ. ಮೊದಲು ವರ್ಷನ್ ಎಲ್ಲರಿಗೂ ಪೂರ್ತಿ ಬಿಡುಗಡೆ ಆಗಲಿ. ತಂಡದವರಲ್ಲದ ಯಾರದಾದರೂ ಫೋನಿನಲ್ಲಿ ಅದು ಬಂದಿದೆಯಾ ನೋಡಿ. ಆ್ಯಪ್‌ನ ಸೆಟ್ಟಿಂಗ್ಸ್ ಪುಟದ ಕೆಳಗೆ ವರ್ಷನ್ ಸಂಖ್ಯೆ ಕಾಣುವ ಹಾಗೆ ಇಡಿ, ಧನ್ಯವಾದದ ಮೆಸೇಜಿನಲ್ಲಿ ಅದೇ ಸಂಖ್ಯೆ ಬರೆಯಿರಿ. "ಕೆಳಗೆ 1.4 ಅಂತ ಕಾಣಿಸಿದರೆ ಹೊಸದು ಬಂದಿದೆ, ಇಲ್ಲದಿದ್ದರೆ ಪ್ಲೇ ಸ್ಟೋರ್ ತೆರೆದು ಅಪ್‌ಡೇಟ್ ಒತ್ತಿ" ಎಂಬ ಒಂದು ಸಾಲು ತುಂಬಾ ಗೊಂದಲ ತಪ್ಪಿಸುತ್ತದೆ. ಧನ್ಯವಾದಕ್ಕೆ ಉತ್ತರವಾಗಿ "ಇನ್ನೂ ಹಂಗೇ ಅದ" ಎಂದು ಬಂದರೆ, ಬಗ್ ಹುಡುಕುವ ಮೊದಲು ಆ ಸಂಖ್ಯೆ ಕೇಳಿ.

ಒಬ್ಬೊಬ್ಬರಿಗೆ ಬರೆಯುವುದು

ತೂಕದ ಉದಾಹರಣೆಗೆ ಮತ್ತೆ ಬರೋಣ. ಆ್ಯಪ್‌ನಲ್ಲಿ ತೂಕಕ್ಕೆ ಒಂದೇ ಖಾನೆ ಇತ್ತು. ಆ ರೈತರು ಹನ್ನೆರಡು ಕ್ವಿಂಟಲ್ ಐದು ಕಿಲೋ ಎಂದು 12.5 ಬರೆದಿದ್ದರು. ಆ್ಯಪ್ ಅದನ್ನು ಹನ್ನೆರಡೂವರೆ ಕ್ವಿಂಟಲ್ ಎಂದು ತಿಳಿಯಿತು. ವ್ಯತ್ಯಾಸ 45 ಕಿಲೋ. ಕ್ವಿಂಟಲ್‌ಗೆ 7,000 ರೂಪಾಯಿ ಎಂದು ಹಿಡಿದರೆ 3,150 ರೂಪಾಯಿ ಜಾಸ್ತಿ ತೋರಿಸುತ್ತದೆ. ಅಡತಿಯವರು ಕೊಟ್ಟ ಹಣ ಸರಿಯೇ ಇದ್ದರೂ ಆ್ಯಪ್ ನೋಡಿದವರಿಗೆ ಕಡಿಮೆ ಕೊಟ್ಟಿದ್ದಾರೆ ಅನಿಸಿ ಜಗಳವೇ ಆಗಬಹುದು. ಅವರು ಹೇಳಿದ ಮೇಲೆ ತೂಕದ ಚೀಟಿಯಲ್ಲಿ ಇರುವಂತೆಯೇ ಕ್ವಿಂಟಲ್‌ಗೆ ಒಂದು, ಕಿಲೋಗೆ ಒಂದು ಖಾನೆ ಮಾಡಿದೆವು.

ಅವರಿಗೆ ಹೋದ ಮೆಸೇಜ್ ಹೀಗಿತ್ತು:

"ಶರಣು ಕಾಕಾ. ಹನ್ನೆರಡು ಕ್ವಿಂಟಲ್ ಐದು ಕಿಲೋ ಹಾಕಿದ್ರ ರೊಕ್ಕ ಜಾಸ್ತಿ ತೋರಸ್ತದ ಅಂತ ನೀವು ಹೇಳಿದ್ರಿ. ಖರೇ ಇತ್ತು. ಆ್ಯಪ್ ಅದನ್ನ ಹನ್ನೆರಡೂವರಿ ಅಂತ ತಿಳ್ಕೊಳ್ತಿತ್ತು. ಈಗ ಕ್ವಿಂಟಲ್ ಬ್ಯಾರೆ, ಕಿಲೋ ಬ್ಯಾರೆ ಖಾನಿ ಮಾಡೀವಿ. 1.4ರಾಗ ಬಂದದ, ಸೆಟ್ಟಿಂಗ್ಸ್ ಕೆಳಗ ನೋಡ್ರಿ. ನಿಮ್ಮ ಹಳೇ ಲೆಕ್ಕ ನಾವು ಮುಟ್ಟಿಲ್ಲ. ಸಂಶಯ ಇರೋ ಮೂರು ಲೆಕ್ಕದ ಮುಂದ ಹಳದಿ ಗುರುತು ಬರ್ತದ, ಚೀಟಿ ಹಿಡ್ಕೊಂಡು ಒಂದ್ಸಲ ತಾಳೆ ನೋಡ್ರಿ. ನೀವು ಹೇಳಿದ್ದಕ್ಕ ಉಳಿದವರ ಲೆಕ್ಕನೂ ಸರಿ ಆಯ್ತು. ಭಾಳ ಉಪಕಾರ ಕಾಕಾ."

ಇದರಲ್ಲಿ ಹಳೇ ಲೆಕ್ಕದ ಮಾತು ಗಮನಿಸಿ. ಹೊಸ ಖಾನೆ ಮುಂದಿನ ಲೆಕ್ಕಗಳಿಗೆ ಮಾತ್ರ. ಈಗಾಗಲೇ ಬರೆದ 12.5 ಎಂದರೆ ಐದು ಕಿಲೋನಾ, ಐವತ್ತು ಕಿಲೋನಾ ಎಂದು ಆ್ಯಪ್‌ಗೆ ತಿಳಿಯುವ ದಾರಿಯಿಲ್ಲ, ಬರೆದವರಿಗೇ ಗೊತ್ತು. ಚುಕ್ಕಿಯ ನಂತರ ಎರಡು ಅಂಕಿ ಇರುವ 12.05, 12.35 ಇಂಥವು ಬಹುಮಟ್ಟಿಗೆ ಸರಿಯೇ ಇರುತ್ತವೆ, ಒಂದೇ ಅಂಕಿ ಇರುವವೇ ಸಂಶಯದವು. ಅವನ್ನು ಮಾತ್ರ ಗುರುತು ಮಾಡಿ ತೋರಿಸಿದೆವು. ದುಡ್ಡಿನ ಲೆಕ್ಕವನ್ನು ಹೇಳದೆ ಕೇಳದೆ ತಿದ್ದಬಾರದು, ತಿದ್ದಿಲ್ಲ ಎಂಬುದನ್ನು ಧನ್ಯವಾದದಲ್ಲೇ ಹೇಳಬೇಕು. ಎಲ್ಲಾ ಸರಿಹೋಯಿತು ಎಂದಷ್ಟೇ ಬರೆದರೆ ಅವರು ಹಳೆಯ ತಪ್ಪು ಮೊತ್ತವನ್ನೂ ನಂಬಿಬಿಡುತ್ತಾರೆ.

ಭಾಷೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಅವರು ಹೇಗೆ ಹೇಳಿದರೋ ಹಾಗೇ ಉತ್ತರ ಹೋಗಲಿ. ವಾಯ್ಸ್ ನೋಟ್ ಕಳಿಸಿದವರಿಗೆ ವಾಯ್ಸ್ ನೋಟ್. ಬೀದರ್‌ನ ವ್ಯಾಪಾರಿ ದಖನಿಯಲ್ಲಿ ಮಾತಾಡಿ ಕಳಿಸಿದ್ದರು, ನಮ್ಮಲ್ಲಿ ಅದನ್ನು ಸಲೀಸಾಗಿ ಮಾತಾಡುವವರೇ ಉತ್ತರ ಹೇಳಿದರು. ಫೋನ್‌ನಲ್ಲೇ ಹೇಳಿದವರಿಗೆ ಫೋನ್ ಮಾಡಿ. ಓದಲು ಕಷ್ಟಪಡುವವರಿಗೆ ಉದ್ದ ಮೆಸೇಜ್ ಕಳಿಸಿದರೆ ಅದನ್ನು ಮಗನೋ ಮೊಮ್ಮಗಳೋ ಓದಿ ಎರಡು ಮಾತಲ್ಲಿ ಹೇಳುತ್ತಾರೆ, ಹಳದಿ ಗುರುತಿನ ವಿಷಯ ಅಲ್ಲೇ ಬಿಟ್ಟುಹೋಗುತ್ತದೆ.

ಒಂದೇ ವಿಷಯವನ್ನು ಇಬ್ಬರು ಹೇಳಿದ್ದರೆ ಇಬ್ಬರಿಗೂ ಬರೆಯಿರಿ. ಅಡತಿಯ ಗುಮಾಸ್ತರೂ ತೂಕದ ಬಗ್ಗೆ ಹೇಳಿದ್ದರು, ಸ್ವಲ್ಪ ತಡವಾಗಿ. ಆದರೆ ಚೀಟಿಯ ಫೋಟೋ ಕಳಿಸಿ ಖಾನೆ ಹೇಗಿರಬೇಕೆಂದು ತೋರಿಸಿದವರು ಅವರೇ. "ಇದನ್ನು ಮೊದಲೇ ಒಬ್ಬರು ಹೇಳಿದ್ದರು" ಎಂದರೆ ಅವರ ಶ್ರಮ ಅಲ್ಲಿಗೇ ಸಣ್ಣದಾಗುತ್ತದೆ. ಖಾನೆಯ ಆಕಾರ ಬಂದದ್ದು ನಿಮ್ಮ ಫೋಟೋದಿಂದ ಎಂದು ಹೇಳಿದರೆ ಅದು ನಿಜವೂ ಹೌದು, ಅವರಿಗೆ ಸಲ್ಲಬೇಕಾದದ್ದೂ ಹೌದು.

ಮಾಡದೇ ಬಿಟ್ಟದ್ದನ್ನು ಹೇಳುವುದು

ಇದು ಕಷ್ಟದ ಭಾಗ, ಅದಕ್ಕೇ ಬಹಳ ಜನ ಬಿಟ್ಟುಬಿಡುತ್ತಾರೆ. ಜೇವರ್ಗಿ ಕಡೆಯ ಯುವ ರೈತರೊಬ್ಬರು, ತೂಕದ ಚೀಟಿಯ ಫೋಟೋ ಹೊಡೆದರೆ ಅಂಕಿ ತಾನೇ ತುಂಬಿಕೊಳ್ಳಬೇಕು ಎಂದು ಕೇಳಿದ್ದರು. ಒಳ್ಳೆಯ ಬೇಡಿಕೆ. ಆದರೆ ಚೀಟಿಗಳು ಕೈಬರಹದವು, ಕಾರ್ಬನ್ ಪ್ರತಿ ಮಸುಕಾಗಿರುತ್ತದೆ, ಮಡಚಿ ಜೇಬಲ್ಲಿಟ್ಟಿರುತ್ತಾರೆ. ಅಂಥ ಚೀಟಿಯಲ್ಲಿ 1 ಮತ್ತು 7ನ್ನು ಫೋನ್ ತಪ್ಪಾಗಿ ಓದಿದರೆ ಮೊತ್ತ ಎಲ್ಲಿಗೋ ಹೋಗುತ್ತದೆ, ತಾನೇ ತುಂಬಿದ ಅಂಕಿಯನ್ನು ಜನ ಮತ್ತೆ ಪರೀಕ್ಷಿಸುವುದೂ ಕಡಿಮೆ.

"ಮುಂದಿನ ದಿನಗಳಲ್ಲಿ ಪರಿಗಣಿಸುತ್ತೇವೆ" ಎಂದು ಬರೆದರೆ ಅವರು ಪ್ರತಿ ಅಪ್‌ಡೇಟ್‌ನಲ್ಲೂ ಅದನ್ನು ಹುಡುಕುತ್ತಾರೆ. ಮಾಡುವುದಿಲ್ಲ ಎಂದರೆ ಮಾಡುವುದಿಲ್ಲ ಎಂದೇ ಹೇಳಿ, ಕಾರಣ ಕೊಡಿ, ಅವರ ಮಾತಿನಿಂದ ಏನಾದರೂ ಹುಟ್ಟಿದ್ದರೆ ಅದನ್ನೂ ಹೇಳಿ. ಅವರಿಗೆ ನಾವು ಬರೆದದ್ದು: "ಅಣ್ಣಾ, ಫೋಟೋದಿಂದ ಅಂಕಿ ತುಂಬೋದು ಈಗ ಮಾಡಲ್ಲ. ಮಸುಕಾದ ಚೀಟಿ ಫೋನ್ ತಪ್ಪಾಗಿ ಓದಿದ್ರ ನಿಮ್ಮ ರೊಕ್ಕದ ಲೆಕ್ಕನೇ ಕೆಡ್ತದ. ಆದ್ರ ನೀವು ಹೇಳಿದ ಮ್ಯಾಲೆ ಪ್ರತಿ ಲೆಕ್ಕದ ಜೊತಿ ಚೀಟಿಯ ಫೋಟೋ ಇಡೋ ಜಾಗ ಮಾಡೀವಿ. ಚೀಟಿ ಕಳದ್ರೂ ಫೋಟೋ ಇರ್ತದ." ಇದಕ್ಕೆ ಬಂದ ಉತ್ತರ ಕಾಕಾ ಕಳಿಸಿದ್ದಕ್ಕಿಂತ ಉದ್ದವಾಗಿತ್ತು, ಎರಡು ಹೊಸ ಸಲಹೆಗಳೂ ಅದರಲ್ಲಿದ್ದವು. ಕಾರಣ ಸಹಿತ ಇಲ್ಲ ಅಂದರೆ ಜನ ದೂರ ಹೋಗುವುದಿಲ್ಲ ಎಂದು ನಾನು ನಂಬಿರುವುದು ಇಂಥವನ್ನು ನೋಡಿಯೇ.

ಎಲ್ಲರಿಗೂ ಒಟ್ಟಿಗೆ, ಮತ್ತು ಸ್ಟೋರಿನಲ್ಲಿ

ಒಬ್ಬೊಬ್ಬರಿಗೆ ಬರೆದ ಮೇಲೆ ಒಟ್ಟು ಮೆಸೇಜ್ ಸಣ್ಣದಿದ್ದರೆ ಸಾಕು. ಇಲ್ಲಿ ವಾಟ್ಸಾಪ್‌ನ ಎರಡು ತೊಂದರೆ ತಿಳಿದಿರಲಿ. ಬ್ರಾಡ್‌ಕಾಸ್ಟ್ ಪಟ್ಟಿಯಿಂದ ಕಳಿಸಿದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ, ಉಳಿದವರಿಗೆ ಹೋಗುವುದೇ ಇಲ್ಲ. ಗ್ರೂಪ್ ಮಾಡಿದರೆ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ, ಸಂಘದ ಹೆಣ್ಣುಮಕ್ಕಳಿಗೆ ಇದು ಇಷ್ಟವಾಗದೇ ಇರಬಹುದು. ಟೆಸ್ಟರ್‌ಗಳು ಹತ್ತಿಪ್ಪತ್ತು ಜನರಿದ್ದರೆ ಒಬ್ಬೊಬ್ಬರಿಗೇ ಕಳಿಸುವುದು ಒಳ್ಳೆಯದು, ಅಷ್ಟೇನೂ ಹೊತ್ತು ಹಿಡಿಯುವುದಿಲ್ಲ.

ಪ್ಲೇ ಸ್ಟೋರ್‌ನ ಬಿಡುಗಡೆ ಟಿಪ್ಪಣಿಯಲ್ಲೂ ಅವರನ್ನು ನೆನೆಯಬಹುದು. ಒಂದು ಭಾಷೆಗೆ 500 ಅಕ್ಷರದ ಮಿತಿ ಇದೆ. ಕನ್ನಡದಲ್ಲಿ ಒತ್ತು, ಗುಣಿತದ ಗುರುತುಗಳೂ ಬೇರೆಯಾಗಿ ಎಣಿಕೆಯಾಗುತ್ತವೆ. "ತೊಗರಿ" ಕಣ್ಣಿಗೆ ಮೂರು ಅಕ್ಷರ, ಲೆಕ್ಕಕ್ಕೆ ಐದು. ಹಾಗಾಗಿ ಅಂದುಕೊಂಡದ್ದಕ್ಕಿಂತ ಬೇಗ ಜಾಗ ಮುಗಿಯುತ್ತದೆ. ನಾವು ಹಾಕಿದ್ದು ಇಷ್ಟೇ:

```
<kn-IN>
ತೂಕಕ್ಕೆ ಈಗ ಕ್ವಿಂಟಲ್, ಕಿಲೋ ಎರಡು ಖಾನೆ.
ಅಕ್ಷರ ದೊಡ್ಡದಿದ್ದರೂ "ಉಳಿಸಿ" ಬಟನ್ ಕಾಣುತ್ತದೆ.
ಚೀಟಿಯ ಫೋಟೋ ಜೊತೆಗೇ ಇಡಬಹುದು.
ಇವನ್ನು ತಿಳಿಸಿದ ಆಳಂದ, ಚಿಂಚೋಳಿ, ಜೇವರ್ಗಿ, ಕಲಬುರಗಿಯ
ಮೊದಲ ಬಳಕೆದಾರರಿಗೆ ಧನ್ಯವಾದ.
</kn-IN>
```

ಹೆಸರು ಹಾಕಬೇಕೆಂದಿದ್ದರೆ ಕೇಳಿಯೇ ಹಾಕಿ. ಹಾಕಬಹುದಾ ಎಂದಷ್ಟೇ ಕೇಳಿದರೆ ಸಾಲದು, ಎಲ್ಲಿ ಕಾಣುತ್ತದೆ, ಹೇಗೆ ಬರೆಯಬೇಕು ಎಂದೂ ಕೇಳಿ. ಊರಿನ ಹೆಸರು, ಕೆಲಸ ಎರಡೂ ಸೇರಿದರೆ ಸಣ್ಣ ಊರಲ್ಲಿ ಹೆಸರಿಲ್ಲದೆಯೇ ಯಾರೆಂದು ಗೊತ್ತಾಗುತ್ತದೆ. ಅಡತಿ ಅಂಗಡಿಯಲ್ಲಿ ಕೆಲಸ ಮಾಡುವವರು ರೈತರ ಲೆಕ್ಕದ ಆ್ಯಪ್‌ಗೆ ಸಹಾಯ ಮಾಡಿದರು ಎಂಬುದು ಅವರ ಮಾಲೀಕರಿಗೆ ಹಿಡಿಸದೇ ಇರಬಹುದು. ತಾಲ್ಲೂಕಿನ ಹೆಸರಷ್ಟೇ ಹಾಕಿದ್ದು ಇದಕ್ಕೇ.

ಉಡುಗೊರೆ ಮತ್ತು ರೇಟಿಂಗ್ ಬೇರೆ ಬೇರೆ ಇರಲಿ

ಏನಾದರೂ ಕೊಡಬೇಕೆನಿಸಿದರೆ ಕೊಡಿ. ಒಂದು ರೀಚಾರ್ಜ್, ಒಂದು ವರ್ಷ ಪೂರ್ತಿ ಆ್ಯಪ್ ಉಚಿತ, ಇಲ್ಲವೇ ಮನೆಗೆ ಕರೆದು ಊಟ. ಬೈದವರಿಗೂ ಹೊಗಳಿದವರಿಗೂ ಒಂದೇ ಇರಲಿ. ಐದು ಸ್ಟಾರ್ ಕೊಟ್ಟರೆ ರೀಚಾರ್ಜ್ ಎಂದು ಮಾತ್ರ ಹೇಳಬೇಡಿ. ರೇಟಿಂಗ್‌ಗೆ, ರಿವ್ಯೂಗೆ ಪ್ರತಿಯಾಗಿ ಏನನ್ನಾದರೂ ಕೊಡುವುದು ಪ್ಲೇ ಸ್ಟೋರ್ ನಿಯಮಕ್ಕೆ ವಿರುದ್ಧ. ಧನ್ಯವಾದದ ಮೆಸೇಜಿನ ಕೊನೆಗೆ ರೇಟಿಂಗ್ ಲಿಂಕ್ ಅಂಟಿಸಿದರೂ ಓದುವವರಿಗೆ ಇಡೀ ಮೆಸೇಜ್ ಅದಕ್ಕಾಗಿಯೇ ಬರೆದಂತೆ ಕಾಣುತ್ತದೆ. ಅಲ್ಲದೆ, ಟೆಸ್ಟ್‌ನಲ್ಲಿ ಇರುವವರು ಪ್ಲೇ ಸ್ಟೋರ್‌ನಲ್ಲಿ ಬರೆಯುವುದು ನಿಮಗೆ ಮಾತ್ರ ಕಾಣುವ ಫೀಡ್‌ಬ್ಯಾಕ್, ಎಲ್ಲರಿಗೂ ಕಾಣುವ ರಿವ್ಯೂ ಅಲ್ಲ.

ಟೆಸ್ಟ್‌ನಿಂದ ಹೊರಗೆ ಕಳಿಸುವಾಗ

ಕೊನೆಯ ಮೆಸೇಜಿನಲ್ಲಿ ಮುಂದೇನು ಎಂಬುದು ಇರಬೇಕು. ಟೆಸ್ಟ್ ಬಿಡಬೇಕೆಂದವರು ಸೇರುವಾಗ ಒತ್ತಿದ ಅದೇ ಲಿಂಕ್ ತೆರೆದರೆ ಹೊರಬರುವ ಬಟನ್ ಸಿಗುತ್ತದೆ. ಆದರೆ ಬಹಳ ಕಡೆ ಇದರ ಜೊತೆಗೇ "ಆ್ಯಪ್ ತೆಗೆದುಹಾಕಿ, ಸ್ಟೋರಿಂದ ಮತ್ತೆ ಹಾಕಿಕೊಳ್ಳಿ" ಎಂದು ಬರೆದಿರುತ್ತಾರೆ. ನಮ್ಮಂಥ ಆ್ಯಪ್‌ನಲ್ಲಿ ಲೆಕ್ಕ ಎಲ್ಲಾ ಫೋನಿನಲ್ಲೇ ಇರುತ್ತದೆ. ಆ್ಯಪ್ ತೆಗೆದರೆ ಒಂದು ಸುಗ್ಗಿಯ ಲೆಕ್ಕ ಪೂರ್ತಿ ಅದರ ಜೊತೆಗೇ ಹೋಗಬಹುದು. ಧನ್ಯವಾದ ಓದಿ ಅದರಂತೆ ಮಾಡಿದವರಿಗೆ ಹೀಗಾಗಬಾರದು.

ಇದನ್ನು ತಪ್ಪಿಸಲು ಪ್ಲೇ ಕನ್ಸೋಲ್‌ನಲ್ಲಿ ಟೆಸ್ಟ್‌ನಲ್ಲಿದ್ದ ಅದೇ ಬಿಡುಗಡೆಯನ್ನು ಪ್ರೊಡಕ್ಷನ್‌ಗೆ ಏರಿಸಿ. ಆಗ ಅವರ ಫೋನಿನಲ್ಲಿರುವುದೂ ಸ್ಟೋರ್‌ನಲ್ಲಿರುವುದೂ ಒಂದೇ ಆಗಿರುತ್ತದೆ, ಏನನ್ನೂ ತೆಗೆಯುವ ಅಗತ್ಯವಿಲ್ಲ, ಮುಂದಿನ ಅಪ್‌ಡೇಟ್ ಮಾಮೂಲಿಯಂತೆ ಬರುತ್ತದೆ. ಪ್ರೊಡಕ್ಷನ್‌ನ ವರ್ಷನ್ ಟೆಸ್ಟ್‌ನದಕ್ಕಿಂತ ಹಳೆಯದಾಗಿದ್ದರೆ ಮಾತ್ರ ತೆಗೆದು ಹಾಕುವ ಪ್ರಸಂಗ ಬರುತ್ತದೆ. ಹಾಗಿದ್ದರೆ ಮೊದಲು ಲೆಕ್ಕದ ಬ್ಯಾಕಪ್ ತೆಗೆಯುವ ಬಗೆ ತಿಳಿಸಿ, ಬ್ಯಾಕಪ್ ಫೈಲ್ ಫೋನಿನಲ್ಲಿ ಎಲ್ಲಿ ಕಾಣುತ್ತದೆ ಎಂದು ಅವರು ನೋಡಿ ಹೇಳಿದ ಮೇಲೆಯೇ ಮುಂದಿನ ಮಾತು.

ಇಷ್ಟಾದ ಮೇಲೆ ಶೀಟಿಗೆ ಹೋಗಿ "ತಿಳಿಸಿದ್ದೇವಾ" ಎಂಬ ಖಾನೆ ನೋಡಿ. ಎರಡು ವಾರವಾದರೂ ಉತ್ತರ ಬರದವರಿಗೆ ಮತ್ತೆ ಮೆಸೇಜ್ ಹಾಕುವ ಬದಲು ಫೋನ್ ಮಾಡಿ. ಹಳದಿ ಗುರುತು ಇದ್ದವರನ್ನು ಮೊದಲು ಹಿಡಿಯಿರಿ, ಅವರು ಚೀಟಿ ತಾಳೆ ನೋಡುವವರೆಗೆ ಆ ಸಾಲನ್ನು ಮುಗಿದದ್ದು ಎಂದು ಗುರುತಿಸಬೇಡಿ.